ಮೊಟ್ಟೆಗೆ ಬೇಲಿ, ಆಮೆಗೆ ಬಲೆ

ಅಮೆರಿಕದ ಜಾರ್ಜಿಯಾ ರಾಜ್ಯದ ಕಡಲಂಚಿನಲ್ಲಿ ಲಿಟಲ್ ಕಂಬರ್ಲೆಂಡ್ ಎಂಬ ಪುಟ್ಟ ದ್ವೀಪವಿದೆ. ಬೇಸಿಗೆಯ ರಾತ್ರಿಗಳಲ್ಲಿ ಲಾಗರ್‌ಹೆಡ್ ಜಾತಿಯ ಹೆಣ್ಣು ಕಡಲಾಮೆಗಳು ಅಲ್ಲಿನ ಮರಳಿಗೆ ಏರಿಬರುತ್ತವೆ. ಹಿಂಗಾಲಿನಿಂದ ಗುಂಡಿ ತೋಡಿ, ನೂರಕ್ಕೂ ಮಿಕ್ಕಿ ಮೊಟ್ಟೆಯಿಟ್ಟು, ಮರಳು ಮುಚ್ಚಿ, ಬಂದ ದಾರಿಯಲ್ಲೇ ನೀರಿಗಿಳಿಯುತ್ತವೆ. 1960ರ ದಶಕದಿಂದ ಅಲ್ಲಿ ರಾತ್ರಿಯಿಡೀ ದಡ ಸುತ್ತಿ, ಬಂದ ಆಮೆಯ ಈಜುಗಾಲಿಗೆ ಗುರುತಿನ ಬಿಲ್ಲೆ ಹಾಕಿ, ಮೊಟ್ಟೆಗಳನ್ನು ರಕೂನ್‌ಗಳ ಬಾಯಿಯಿಂದ ಕಾಪಾಡುವ ಕೆಲಸ ನಡೆಯಿತು. ಮೊಟ್ಟೆಗಳೇನೋ ಉಳಿದವು. ಆದರೆ ವರ್ಷದಿಂದ ವರ್ಷಕ್ಕೆ ದಡಕ್ಕೆ ಬರುವ ತಾಯಂದಿರ ಸಂಖ್ಯೆ ಇಳಿಯುತ್ತಲೇ ಹೋಯಿತು.

ಇಷ್ಟು ಕಾದರೂ ಆಮೆ ಏಕೆ ಕಡಿಮೆಯಾಗುತ್ತಿದೆ? ದಡದಲ್ಲಿ ನಿಂತು ಇದಕ್ಕೆ ಉತ್ತರ ಕಾಣುವುದು ಸಾಧ್ಯವಿರಲಿಲ್ಲ, ಏಕೆಂದರೆ ಆಮೆಯ ಬದುಕಿನ ಬಹುಪಾಲು ಕಣ್ಣಿಗೆ ಬೀಳದ ಕಡಲಿನಲ್ಲಿ ಕಳೆಯುತ್ತದೆ. 1987ರಲ್ಲಿ ಡೆಬೊರಾ ಕ್ರೌಸ್, ಲ್ಯಾರಿ ಕ್ರೌಡರ್ ಮತ್ತು ಹಾಲ್ ಕ್ಯಾಸ್ವೆಲ್ ಎಂಬ ಮೂವರು ‘ಇಕಾಲಜಿ’ ಪತ್ರಿಕೆಯಲ್ಲಿ ಉತ್ತರವನ್ನು ಲೆಕ್ಕದ ಮೂಲಕ ಹುಡುಕಿದರು. ಅವರ ಕೈಲಿದ್ದದ್ದು ಏಳು ಸಾಲು, ಏಳು ಕಂಬಗಳ ಒಂದು ಸಂಖ್ಯಾಕೋಷ್ಟಕ. ಗಣಿತದಲ್ಲಿ ಅದಕ್ಕೆ ಮಾತೃಕೆ ಅಥವಾ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಆ ಕೋಷ್ಟಕದೊಳಗೆ ಅಡಗಿದ್ದ ಒಂದೇ ಒಂದು ಸಂಖ್ಯೆ, ದಡದ ಕಾವಲಿನ ಬಗ್ಗೆ ಜನ ನಂಬಿಕೊಂಡಿದ್ದ ಮಾತನ್ನೇ ತಿರುಗಿಸಿ ಹಾಕಿತು.

ಎರಡು ಹಂತದ ಲೆಕ್ಕ

ಏಳು ಹಂತಕ್ಕೆ ಹೋಗುವ ಮೊದಲು ಎರಡೇ ಹಂತವಿರುವ ಒಂದು ಕಲ್ಪಿತ ಪ್ರಾಣಿಯನ್ನು ತೆಗೆದುಕೊಳ್ಳೋಣ. ಅದು ಒಂದೋ ಮರಿ, ಇಲ್ಲವೇ ಪ್ರಾಯದ್ದು. ಪ್ರತಿ ಪ್ರಾಯದ ಪ್ರಾಣಿ ವರ್ಷಕ್ಕೆ 3 ಮರಿ ಹಾಕುತ್ತದೆ. ನೂರು ಮರಿಗಳಲ್ಲಿ 3 ಮಾತ್ರ ಮುಂದಿನ ವರ್ಷಕ್ಕೆ ಪ್ರಾಯಕ್ಕೆ ಬರುತ್ತವೆ, ಉಳಿದವು ಸಾಯುತ್ತವೆ. ಪ್ರಾಯದ ನೂರರಲ್ಲಿ 80 ಮುಂದಿನ ವರ್ಷವೂ ಬದುಕಿರುತ್ತವೆ. ಈ ಮೂರು ಸಂಗತಿಗಳನ್ನು ಕೋಷ್ಟಕದಲ್ಲಿಟ್ಟರೆ ಹೀಗಾಗುತ್ತದೆ:

```
[ 0      3   ]
[ 0.03   0.8 ]
```

ಇದನ್ನು ಓದುವ ಕ್ರಮ ಸುಲಭ. ಪ್ರತಿ ಕಂಬ ಈ ವರ್ಷದ ಒಂದು ಹಂತ, ಪ್ರತಿ ಸಾಲು ಮುಂದಿನ ವರ್ಷದ ಒಂದು ಹಂತ. ಮೊದಲ ಕಂಬ ಮರಿಗಳದ್ದು: ಮರಿ ಮರಿ ಹಾಕುವುದಿಲ್ಲ, ಆದ್ದರಿಂದ ಮೇಲೆ 0, ನೂರಕ್ಕೆ 3 ಪ್ರಾಯಕ್ಕೆ ಬರುತ್ತವೆ, ಆದ್ದರಿಂದ ಕೆಳಗೆ 0.03. ಎರಡನೆಯ ಕಂಬ ಪ್ರಾಯದವುಗಳದ್ದು.

ಈಗ ನೂರು ಪ್ರಾಯದ ಪ್ರಾಣಿಗಳನ್ನು ಒಂದು ದ್ವೀಪದಲ್ಲಿ ಬಿಟ್ಟೆವು ಎನ್ನಿ. ಮುಂದಿನ ವರ್ಷ ಮರಿ 300, ಪ್ರಾಯದವು 80, ಒಟ್ಟು 380. ಅದರ ಮುಂದಿನ ವರ್ಷ ಮರಿ 240, ಪ್ರಾಯಕ್ಕೆ ಬಂದ 9 ಮತ್ತು ಉಳಿದ 64 ಸೇರಿ ಪ್ರಾಯದವು 73, ಒಟ್ಟು 313. ಹೀಗೆ ಮುಂದುವರಿಸಿದರೆ ಒಟ್ಟು ಮೊತ್ತ 284.6, ಆಮೇಲೆ 255.9, ಆಮೇಲೆ 230.3 ಆಗುತ್ತದೆ. ಪ್ರತಿ ವರ್ಷದ ಮೊತ್ತವನ್ನು ಹಿಂದಿನ ವರ್ಷದ ಮೊತ್ತದಿಂದ ಭಾಗಿಸಿ ನೋಡಿ. ಮೊದಲು 3.8 ಬರುತ್ತದೆ, ನಂತರ 0.824, 0.909, 0.899, ಕೊನೆಗೆ 0.900. ಅಲ್ಲಿಂದಾಚೆ ಎಷ್ಟು ವರ್ಷ ಲೆಕ್ಕ ಹಾಕಿದರೂ ಅದು 0.9 ಬಿಟ್ಟು ಕದಲುವುದಿಲ್ಲ.

ಈ 0.9 ಎಂಬುದೇ ಆ ಕೋಷ್ಟಕದ ಪ್ರಧಾನ ಐಗನ್ ಮೌಲ್ಯ. ಜೀವಿಗಣನೆ ಮಾಡುವವರು ಅದನ್ನು ಲ್ಯಾಂಬ್ಡಾ ಎಂಬ ಗ್ರೀಕ್ ಅಕ್ಷರದಿಂದ ಕರೆಯುತ್ತಾರೆ. ಹೆಸರು ದೊಡ್ಡದಾದರೂ ಅರ್ಥ ಇಷ್ಟೇ: ಕೋಷ್ಟಕದ ಗುಣಾಕಾರವನ್ನು ಮತ್ತೆ ಮತ್ತೆ ಮಾಡುತ್ತ ಹೋದರೆ ಕೊನೆಗೆ ಇಡೀ ಸಮೂಹ ವರ್ಷಕ್ಕೆ ಎಷ್ಟು ಪಟ್ಟಾಗುತ್ತದೋ ಆ ಪಟ್ಟು. ಅದು ಸರಿಯಾಗಿ 1 ಇದ್ದರೆ ಸಮೂಹ ಇದ್ದಷ್ಟೇ ಇರುತ್ತದೆ. 1ಕ್ಕಿಂತ ಹೆಚ್ಚಿದ್ದರೆ ಬೆಳೆಯುತ್ತದೆ, ಕಡಿಮೆಯಿದ್ದರೆ ಕರಗುತ್ತದೆ. 0.9 ಎಂದರೆ ವರ್ಷಕ್ಕೆ ನೂರಕ್ಕೆ ಹತ್ತರಷ್ಟು ಇಳಿಕೆ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ಆರಂಭದಲ್ಲಿ ಪ್ರಾಯದವು ಮಾತ್ರ ಇದ್ದವು. ಐದು ವರ್ಷದ ಹೊತ್ತಿಗೆ ಮರಿ 177, ಪ್ರಾಯದವು 53 ಆದವು, ಅಂದರೆ ಪ್ರಾಯದ 3ಕ್ಕೆ ಮರಿ 10ರ ಅನುಪಾತ. ಇದೂ ಮುಂದೆ ಬದಲಾಗುವುದಿಲ್ಲ. ನಾವು ಮರಿಗಳಿಂದಲೇ ಶುರುಮಾಡಿದ್ದರೂ ಇದೇ ಅನುಪಾತಕ್ಕೆ, ಇದೇ 0.9ಕ್ಕೆ ಬಂದು ನಿಲ್ಲುತ್ತಿದ್ದೆವು. ಆರಂಭ ಹೇಗಿತ್ತು ಎಂಬುದನ್ನು ಸಮೂಹ ಕೆಲವೇ ವರ್ಷಗಳಲ್ಲಿ ಮರೆತುಬಿಡುತ್ತದೆ. ಹುಟ್ಟು ಸಾವುಗಳ ದರವಷ್ಟೇ ಉಳಿಯುತ್ತದೆ. ಆದರೆ ಮರೆಯುವವರೆಗಿನ ವರ್ಷಗಳು ನಮ್ಮನ್ನು ಮೋಸಗೊಳಿಸಬಲ್ಲವು. ಮೊದಲ ವರ್ಷ ನೂರು ಇದ್ದದ್ದು 380 ಆಯಿತಲ್ಲ? ಆ ವರ್ಷ ಎಣಿಸಿದವರು ಹಬ್ಬ ಮಾಡುತ್ತಿದ್ದರು. ಸಮೂಹ ಮಾತ್ರ ಅಳಿವಿನ ದಾರಿಯಲ್ಲೇ ಇತ್ತು.

ವಯಸ್ಸಿನ ಬದಲು ಹಂತ

ಇಂಥ ಕೋಷ್ಟಕಗಳನ್ನು 1945ರಲ್ಲಿ ಪ್ರಸಿದ್ಧಿಗೆ ತಂದವರು ಆಕ್ಸ್‌ಫರ್ಡ್‌ನ ಪ್ಯಾಟ್ರಿಕ್ ಲೆಸ್ಲಿ. ಅವರದು ವಯಸ್ಸಿನ ಕೋಷ್ಟಕ: ಪ್ರತಿ ವರ್ಷದ ವಯಸ್ಸಿಗೆ ಒಂದು ಕಂಬ. ಆದರೆ ಕಡಲಾಮೆಯ ವಯಸ್ಸನ್ನು ನೋಡಿ ಹೇಳಲು ಬರುವುದಿಲ್ಲ. ಚಿಪ್ಪಿನ ಉದ್ದ ಅಳೆಯಬಹುದು, ಅಷ್ಟೇ. 54 ವರ್ಷ ಬದುಕುವ ಪ್ರಾಣಿಗೆ 54 ಕಂಬ ತುಂಬಲು ಬೇಕಾದ ಮಾಹಿತಿ ಯಾರ ಬಳಿಯೂ ಇರಲಿಲ್ಲ. 1965ರಲ್ಲಿ ಲೆಫ್ಕೊವಿಚ್ ಎಂಬ ವಿಜ್ಞಾನಿ, ಉಗ್ರಾಣದ ಕೀಟಗಳ ಅಧ್ಯಯನದಲ್ಲಿ, ವಯಸ್ಸು ಬಿಟ್ಟು ಹಂತಗಳಿಂದಲೇ ಕೋಷ್ಟಕ ಕಟ್ಟಬಹುದೆಂದು ತೋರಿಸಿದ್ದರು. ಕ್ರೌಸ್ ತಂಡ ಆ ದಾರಿ ಹಿಡಿಯಿತು.

ಅವರು ಆಮೆಯ ಬದುಕನ್ನು ಏಳು ಹಂತವಾಗಿ ವಿಂಗಡಿಸಿದರು. ಮೊದಲ ವರ್ಷದ ಮೊಟ್ಟೆ ಮತ್ತು ಹಸುಮರಿ. 1ರಿಂದ 7 ವರ್ಷದ ಸಣ್ಣ ಮರಿ. 8ರಿಂದ 15ರ ದೊಡ್ಡ ಮರಿ. 16ರಿಂದ 21ರ ಹರೆಯದ ಆಮೆ. 22ರಲ್ಲಿ ಚೊಚ್ಚಲ ತಾಯಿ. 23ರಲ್ಲಿ, ಹೆತ್ತ ಮರುವರ್ಷದ ತಾಯಿ. 24ರಿಂದ ಮುಂದಕ್ಕೆ ಪಳಗಿದ ತಾಯಿ. ತಾಯಂದಿರು ಪ್ರತಿ ವರ್ಷ ದಡಕ್ಕೆ ಬರುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಾರೆ. ಹಾಗಾಗಿ ಕೋಷ್ಟಕದ ಮೊದಲ ಸಾಲಿನಲ್ಲಿ ಚೊಚ್ಚಲ ತಾಯಿಗೆ 127, ಮರುವರ್ಷಕ್ಕೆ 4, ಪಳಗಿದ ತಾಯಿಗೆ ವರ್ಷಕ್ಕೆ ಸರಾಸರಿ 80 ಎಂಬ ಸಂಖ್ಯೆಗಳು ಬಂದವು.

ಕಷ್ಟದ ಪ್ರಶ್ನೆ ಮುಂದಿನದು. ಸಣ್ಣ ಮರಿಗಳು ವರ್ಷಕ್ಕೆ ನೂರಕ್ಕೆ 78.57ರಷ್ಟು ಬದುಕುತ್ತವೆ ಎಂದು ಗೊತ್ತಿದೆ. ಆದರೆ ಆ ಹಂತ ಏಳು ವರ್ಷದ್ದು. ಬದುಕಿದವುಗಳಲ್ಲಿ ಎಷ್ಟು ಅದೇ ಹಂತದಲ್ಲಿ ಉಳಿಯುತ್ತವೆ, ಎಷ್ಟು ದೊಡ್ಡ ಮರಿಗಳ ಹಂತಕ್ಕೆ ಹತ್ತುತ್ತವೆ? ಇದನ್ನು ಕೈಲೆಕ್ಕದಲ್ಲೇ ಬಿಡಿಸಬಹುದು. ಪ್ರತಿ ವರ್ಷ 100 ಮರಿಗಳು ಈ ಹಂತಕ್ಕೆ ಬರುತ್ತವೆ ಎನ್ನಿ. ಆಗ ಮೊದಲ ವರ್ಷದವು 100, ಎರಡನೆಯ ವರ್ಷದವು 78.57, ಹೀಗೆ ಇಳಿಯುತ್ತ ಏಳನೆಯ ವರ್ಷದವು 23.5 ಇರುತ್ತವೆ. ಎಲ್ಲ ಕೂಡಿಸಿದರೆ 380. ಮೇಲಕ್ಕೆ ಹತ್ತಬಲ್ಲವು ಏಳನೆಯ ವರ್ಷದ 23.5 ಮಾತ್ರ, ಅಂದರೆ ಹಂತದ ನೂರಕ್ಕೆ ಸುಮಾರು 6.2. ಅವುಗಳಲ್ಲೂ 78.57ರಷ್ಟು ಮಾತ್ರ ಬದುಕಿ ಹತ್ತುತ್ತವೆ. ಗುಣಿಸಿದರೆ ಹತ್ತುವ ಪಾಲು 0.0486. ಉಳಿದ 0.737 ಅದೇ ಹಂತದಲ್ಲಿ ಇನ್ನೊಂದು ವರ್ಷ ಕಳೆಯುತ್ತವೆ.

ಇಲ್ಲೇ ಒಂದು ಸೊಗಸಾದ ತಾಳೆ ಇದೆ. ಉಳಿಯುವ ಪಾಲು ಮತ್ತು ಹತ್ತುವ ಪಾಲು ಎರಡನ್ನೂ ಕೂಡಿಸಿದರೆ ಬದುಕುಳಿಯುವ ದರವೇ ಬರಬೇಕು, ಏಕೆಂದರೆ ಬದುಕಿದ ಆಮೆ ಇವೆರಡರಲ್ಲಿ ಒಂದು ಕಡೆ ಇರಲೇಬೇಕು. ಮೊಟ್ಟೆಯ ಸಾಲನ್ನು ಬಿಟ್ಟು ಯಾವುದೇ ಕಂಬದ ಮೊತ್ತ 1 ದಾಟಿದರೆ ಸತ್ತ ಆಮೆಗಳು ಎದ್ದು ಬಂದವು ಎಂದಾಯಿತು. ಕೋಷ್ಟಕ ತಪ್ಪಾಗಿದೆ ಎಂದು ಆಗಲೇ ತಿಳಿಯಬಹುದು.

ಹೀಗೆ ಪ್ರತಿ ಹಂತಕ್ಕೂ ಲೆಕ್ಕ ಹಾಕಿ ತುಂಬಿದ ಕೋಷ್ಟಕವನ್ನು ಇಂದು ಯಾರೂ ಕಂಪ್ಯೂಟರಿನಲ್ಲಿ ನಾಲ್ಕೈದು ಸಾಲಿನಲ್ಲಿ ಪರೀಕ್ಷಿಸಬಹುದು:

```python
import numpy as np
A = np.diag([0, .7370, .6610, .6907, 0, 0, .8089])
A += np.diag([.6747, .0486, .0147, .0518, .8091, .8091], k=-1)
A[0, 4:] = [127, 4, 80]
print(max(np.linalg.eigvals(A).real))
```

ಮೊದಲ ಪಟ್ಟಿ ಅದೇ ಹಂತದಲ್ಲಿ ಉಳಿಯುವವರದ್ದು, ಎರಡನೆಯದು ಮೇಲಕ್ಕೆ ಹತ್ತುವವರದ್ದು, ಮೂರನೆಯದು ಮೊಟ್ಟೆಗಳದ್ದು. ಏಳು ಸಾಲಿನ ಕೋಷ್ಟಕಕ್ಕೆ ಏಳು ಐಗನ್ ಮೌಲ್ಯಗಳಿರುತ್ತವೆ. ಉಳಿದವೆಲ್ಲ ಕಾಲ ಕಳೆದಂತೆ ಸೊರಗಿಹೋಗುವ ಏರಿಳಿತಗಳು. ಎಲ್ಲಕ್ಕಿಂತ ದೊಡ್ಡದು ಮಾತ್ರ ಕೊನೆಯವರೆಗೆ ನಿಲ್ಲುತ್ತದೆ. ಇಲ್ಲಿ ಅದು 0.945.

0.945 ಹೇಳಿದ್ದೇನು?

ವರ್ಷಕ್ಕೆ ನೂರಕ್ಕೆ ಐದೂವರೆಯಷ್ಟು ಇಳಿಕೆ. ಕೇಳಲು ಸಣ್ಣದು. ಆದರೆ ಚಕ್ರಬಡ್ಡಿಯ ಹಾಗೆ ಇದೂ ಏರುತ್ತ ಹೋಗುತ್ತದೆ: ಹನ್ನೆರಡು ವರ್ಷದಲ್ಲಿ ಸಮೂಹ ಅರ್ಧವಾಗುತ್ತದೆ. ಇಂದು ಹುಟ್ಟಿದ ಮರಿ ಮೊದಲ ಬಾರಿಗೆ ಮೊಟ್ಟೆಯಿಡಲು ದಡಕ್ಕೆ ಬರುವ ಹೊತ್ತಿಗೆ ಅದರ ಜಾತಿಯ ನೂರಕ್ಕೆ ಸುಮಾರು 71ರಷ್ಟು ಅಲ್ಲಿಂದ ಅಳಿದಿರುತ್ತದೆ.

ಅದೇ ಕೋಷ್ಟಕ ಇನ್ನೊಂದು ಚಿತ್ರವನ್ನೂ ಕೊಡುತ್ತದೆ. ಎರಡು ಹಂತದ ಪ್ರಾಣಿಯಲ್ಲಿ ಹತ್ತಕ್ಕೆ ಮೂರರ ಅನುಪಾತ ನಿಂತಂತೆ, ಆಮೆಗಳಲ್ಲೂ ಒಂದು ಅನುಪಾತ ನಿಲ್ಲುತ್ತದೆ. ಅದರ ಪ್ರಕಾರ ಸಮೂಹದ ಮೂರನೇ ಎರಡು ಪಾಲು ಸಣ್ಣ ಮರಿಗಳು. ತಾಯಂದಿರೆಲ್ಲ ಸೇರಿದರೆ ನೂರಕ್ಕೆ ಕಾಲು ಮಾತ್ರ, ಅಂದರೆ ನಾನೂರು ಜೀವಗಳಿಗೆ ಒಬ್ಬ ತಾಯಿ. ದಡದಲ್ಲಿ ನಿಂತು ಎಣಿಸುವವರ ಕಣ್ಣಿಗೆ ಬೀಳುವುದು ಆ ನಾನೂರರಲ್ಲಿ ಒಂದು.

ಈಗ ಮುಖ್ಯ ಪ್ರಶ್ನೆ. ದಡದ ಕಾವಲನ್ನು ಇನ್ನೂ ಬಿಗಿ ಮಾಡಿ, ಮೊದಲ ವರ್ಷದಲ್ಲಿ ಒಂದು ಮೊಟ್ಟೆಯೂ, ಒಂದು ಹಸುಮರಿಯೂ ಸಾಯದಂತೆ ನೋಡಿಕೊಂಡರೆ? ಕೋಷ್ಟಕದಲ್ಲಿ 0.6747 ಇರುವಲ್ಲಿ 1 ಎಂದು ಹಾಕಿ ಮತ್ತೆ ಲೆಕ್ಕ ಮಾಡಿದರೆ ಉತ್ತರ ಸುಮಾರು 0.965. ಇನ್ನೂ 1ರ ಕೆಳಗೇ. ಲೋಕದಲ್ಲಿ ಸಾಧ್ಯವೇ ಇಲ್ಲದ ಪರಿಪೂರ್ಣ ಕಾವಲು ಕೂಡ ಅರ್ಧಕ್ಕಿಳಿಯುವ ಅವಧಿಯನ್ನು ಹನ್ನೆರಡರಿಂದ ಹತ್ತೊಂಬತ್ತು ಇಪ್ಪತ್ತು ವರ್ಷಕ್ಕೆ ಮುಂದೂಡುತ್ತದೆ, ಅಷ್ಟೇ. ಅಳಿವನ್ನು ತಡೆಯುವುದಿಲ್ಲ.

ಅದರ ಬದಲು ದೊಡ್ಡ ಮರಿಗಳ ಹಂತವನ್ನು ಮುಟ್ಟಿ ನೋಡೋಣ. ಅವುಗಳ ವಾರ್ಷಿಕ ಉಳಿವು 0.6758, ಏಳು ಹಂತಗಳಲ್ಲಿ ಮೊದಲ ವರ್ಷದ್ದನ್ನು ಬಿಟ್ಟರೆ ಇದೇ ಕಡಿಮೆ. ಇದನ್ನು 0.77ಕ್ಕೆ ಏರಿಸಿ, ಉಳಿಯುವ ಮತ್ತು ಹತ್ತುವ ಪಾಲುಗಳನ್ನು ಮೇಲಿನ ಕೈಲೆಕ್ಕದಂತೆಯೇ ಮತ್ತೆ ಬಿಡಿಸಿ ತುಂಬಿದರೆ ಲ್ಯಾಂಬ್ಡಾ 1ನ್ನು ದಾಟುತ್ತದೆ. ನೂರಕ್ಕೆ ಹದಿನಾಲ್ಕರಷ್ಟು ಸುಧಾರಣೆ ಸಾಕು, ಇಳಿಯುತ್ತಿದ್ದ ಸಮೂಹ ಏರತೊಡಗುತ್ತದೆ.

ಇಷ್ಟು ವ್ಯತ್ಯಾಸ ಏಕೆ? ಉಳಿವಿನ ದರ ಮೊಟ್ಟೆಯ ಹಂತದಲ್ಲಿ ಒಮ್ಮೆ ಮಾತ್ರ ಗುಣಿಸಲ್ಪಡುತ್ತದೆ. ದೊಡ್ಡ ಮರಿಯ ಹಂತದಲ್ಲಿ ಎಂಟು ವರ್ಷ, ಎಂಟು ಸಲ. ಹಂತವನ್ನು ಪೂರ್ತಿ ದಾಟುವವರ ಪಾಲು 0.6758ರಲ್ಲಿ ನೂರಕ್ಕೆ 4.4 ಇದ್ದದ್ದು 0.77ರಲ್ಲಿ 12.4 ಆಗುತ್ತದೆ, ಸುಮಾರು ಮೂರು ಪಟ್ಟು. ಮೊಟ್ಟೆಗೆ ಎಷ್ಟೇ ಕಾವಲಿಟ್ಟರೂ ಒಂದೂವರೆ ಪಟ್ಟಿನ ಮೇಲೆ ಗಳಿಸಲು ಜಾಗವೇ ಇಲ್ಲ. ಮುಂದಿನ ಪೀಳಿಗೆಗಳಿಗೆ ಕೊಡುವ ಕೊಡುಗೆಯನ್ನು ಇದೇ ಕೋಷ್ಟಕದಿಂದ ತೂಗಿದರೆ, ಹರೆಯದ ಒಂದು ಆಮೆ ಸುಮಾರು 116 ಮೊಟ್ಟೆಗೆ ಸಮ. ಬಲೆಯಲ್ಲಿ ಅಂಥದೊಂದು ಸತ್ತರೆ ದಡದಲ್ಲಿ ಒಂದು ಗೂಡು ಪೂರ್ತಿ ಹಾಳಾದಂತೆ.

ಬಲೆಯೊಳಗೊಂದು ಬಾಗಿಲು

ದೊಡ್ಡ ಮರಿಗಳು, ಹರೆಯದವು ಸಾಯುತ್ತಿದ್ದದ್ದು ಎಲ್ಲಿ? ಬಹುಮಟ್ಟಿಗೆ ಸಿಗಡಿ ಹಿಡಿಯುವ ಟ್ರಾಲ್ ಬೋಟುಗಳ ಬಲೆಯಲ್ಲಿ. ಆಮೆಗೆ ಉಸಿರಾಡಲು ನೀರಿನ ಮೇಲೆ ಬರಲೇಬೇಕು. ತಳ ಬಳಿಯುತ್ತ ಸಾಗುವ ಬಲೆಯಲ್ಲಿ ಸಿಕ್ಕಿದರೆ ಮುಳುಗಿ ಸಾಯುತ್ತದೆ. ಇದಕ್ಕೆ ಪರಿಹಾರವಾಗಿ ಬಂದದ್ದು ‘ಟೆಡ್’ ಎಂದು ಕರೆಯುವ ಸಾಧನ. ಬಲೆಯ ಕೊರಳಿನಲ್ಲಿ ಓರೆಯಾಗಿ ಕೂರಿಸಿದ ಸರಳುಗಳ ಒಂದು ಚೌಕಟ್ಟು. ಸಿಗಡಿ ಸರಳುಗಳ ನಡುವೆ ನುಸುಳಿ ಚೀಲ ಸೇರುತ್ತದೆ; ಆಮೆ ಸರಳಿಗೆ ಬಡಿದು ಜಾರಿ, ಕಿಂಡಿಯಿಂದ ಹೊರಗೆ ಹೋಗುತ್ತದೆ. ಅಮೆರಿಕ 1987ರಲ್ಲಿ ಇದನ್ನು ಕಡ್ಡಾಯ ಮಾಡುವ ನಿಯಮ ತಂದಿತು. ಮೀನುಗಾರರ ವಿರೋಧ ಜೋರಾಗಿತ್ತು. ಕಡಲಾಮೆಗಳ ಅಳಿವಿನ ಬಗ್ಗೆ 1990ರಲ್ಲಿ ರಾಷ್ಟ್ರೀಯ ಸಂಶೋಧನಾ ಮಂಡಳಿ ವರದಿ ಕೊಟ್ಟಾಗ, ಮೊಟ್ಟೆಗಿಂತ ದೊಡ್ಡ ಮರಿ ಮುಖ್ಯ ಎಂಬ ಈ ಲೆಕ್ಕ ಅದರಲ್ಲಿ ತೂಕದ ಮಾತಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೊದಲ ಟೆಡ್‌ಗಳ ಕಿಂಡಿ ಚಿಕ್ಕದಾಗಿತ್ತು. ಸಣ್ಣ ಆಮೆಗಳು ಪಾರಾದರೂ ಬಲಿತವು ಸಿಕ್ಕಿಬೀಳುತ್ತಿದ್ದವು. 2003ರಲ್ಲಿ ಕಿಂಡಿಯನ್ನು ದೊಡ್ಡದು ಮಾಡಬೇಕೆಂಬ ನಿಯಮ ಬಂತು. ಜಾರ್ಜಿಯಾದ ದಡಗಳಲ್ಲಿ 2004ರಲ್ಲಿ 400ಕ್ಕೂ ಕಡಿಮೆ ಇದ್ದ ಗೂಡುಗಳು 2022ರಲ್ಲಿ 4,000 ದಾಟಿದವು. ಇದಕ್ಕೆ ಟೆಡ್ ಒಂದೇ ಕಾರಣ ಎನ್ನಲಾಗದು. ದಶಕಗಳ ದಡದ ಕಾವಲೂ ಸೇರಿದೆ. ಆದರೆ ಫಲ ಇಷ್ಟು ತಡವಾಗಿ ಕಂಡದ್ದು ಕೋಷ್ಟಕದ ಸ್ವಭಾವಕ್ಕೆ ತಕ್ಕದ್ದೇ. 1990ರಲ್ಲಿ ಬಲೆಯಿಂದ ಪಾರಾದ ಮರಿ ತಾಯಾಗಿ ದಡಕ್ಕೆ ಬರಲು ಹತ್ತಾರು ವರ್ಷ ಬೇಕು.

ಲೆಕ್ಕ ಎಲ್ಲಿ ತಪ್ಪುತ್ತದೆ

ಲ್ಯಾಂಬ್ಡಾವನ್ನು ಭವಿಷ್ಯವಾಣಿ ಎಂದು ಓದುವುದು ಮೊದಲ ತಪ್ಪು. ಇಂದಿನ ಹುಟ್ಟು ಸಾವಿನ ದರಗಳು ಹೀಗೇ ಮುಂದುವರಿದರೆ ಏನಾಗುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಚಂಡಮಾರುತಕ್ಕೆ ಗೂಡು ಕೊಚ್ಚಿಹೋಗುವ ವರ್ಷ, ಮೀನುಗಾರಿಕೆ ಹೆಚ್ಚಿದ ವರ್ಷ ಇವೆಲ್ಲ ಒಂದೇ ಕೋಷ್ಟಕದಲ್ಲಿ ಇರುವುದಿಲ್ಲ.

ಎರಡನೆಯದು ಹತ್ತುವ ಪಾಲಿನ ಲೆಕ್ಕದಲ್ಲೇ ಅಡಗಿದೆ. ಪ್ರತಿ ವರ್ಷ 100 ಮರಿಗಳು ಬರುತ್ತವೆ ಎಂದು ನಾವು ಹಿಡಿದೆವು. ಸಮೂಹ ಕುಗ್ಗುತ್ತಿದ್ದರೆ ಅದು ನಿಜವಲ್ಲ. ಈ ವರ್ಷ 94 ಬಂದಿದ್ದರೆ ಹಿಂದಿನ ವರ್ಷ 100 ಬಂದಿದ್ದವು. ಆಗ ಹಂತದೊಳಗೆ ಹಿರಿಯ ಮರಿಗಳ ಪಾಲು ನಾವೆಣಿಸಿದ್ದಕ್ಕಿಂತ ಹೆಚ್ಚಿರುತ್ತದೆ. ಇದನ್ನು ಸರಿಪಡಿಸುವ ವಿಧಾನವಿದೆ: ಮೊದಲು ಬಂದ ಲ್ಯಾಂಬ್ಡಾವನ್ನೇ ಬಳಸಿ ಹತ್ತುವ ಪಾಲನ್ನು ತಿದ್ದಿ, ಮತ್ತೆ ಲ್ಯಾಂಬ್ಡಾ ಕಂಡುಹಿಡಿದು, ಅದು ಕದಲದವರೆಗೆ ಮುಂದುವರಿಸುವುದು.

ಮೂರನೆಯದು ತೀರಾ ಸಾಮಾನ್ಯ. ಮೊಟ್ಟೆಯಿಟ್ಟ ಕೂಡಲೇ ಗಣತಿ ಮಾಡುತ್ತೇವೆ ಎಂದಿಟ್ಟುಕೊಳ್ಳಿ. ಮುಂದಿನ ಗಣತಿಯ ಹೊತ್ತಿಗೆ ಮೊಟ್ಟೆಯಿಡಬೇಕಾದರೆ ತಾಯಿ ಆ ವರ್ಷವನ್ನು ಬದುಕಿ ದಾಟಬೇಕು. ಹಾಗಾಗಿ ಮೊದಲ ಸಾಲಿನ ಸಂಖ್ಯೆಯನ್ನು ತಾಯಿಯ ಉಳಿವಿನಿಂದ ಗುಣಿಸಬೇಕು. ಇದನ್ನು ಮರೆತರೆ ಲ್ಯಾಂಬ್ಡಾ ಉಬ್ಬುತ್ತದೆ, ಅಳಿಯುತ್ತಿರುವ ಜೀವಿ ಬೆಳೆಯುತ್ತಿರುವಂತೆ ಕಾಣುತ್ತದೆ. ಪ್ರಕಟವಾದ ಅನೇಕ ಕೋಷ್ಟಕಗಳಲ್ಲೂ ಈ ತಪ್ಪು ನುಸುಳಿರುವುದನ್ನು 2019ರ ಒಂದು ಪರಿಶೀಲನೆ ತೋರಿಸಿತು. ಗಣತಿ ಯಾವ ತಿಂಗಳಲ್ಲಿ ಎಂದು ಮೊದಲೇ ಬರೆದಿಟ್ಟುಕೊಂಡು, ಒಂದು ಜೀವ ಅಲ್ಲಿಂದ ಮುಂದಿನ ಗಣತಿಯವರೆಗೆ ಏನೇನು ದಾಟುತ್ತದೆ ಎಂದು ಬೆರಳೆಣಿಸಿದರೆ ಈ ತಪ್ಪು ಸಿಕ್ಕಿಬೀಳುತ್ತದೆ.

ಕೊನೆಯದಾಗಿ, ಕೋಷ್ಟಕದೊಳಗಿನ ದರಗಳೇ ಅಂದಾಜುಗಳು. ಬಿಲ್ಲೆ ಕಳಚಿಬಿದ್ದ ತಾಯಿ ಸತ್ತಂತೆ ಎಣಿಕೆಯಾಗುತ್ತಾಳೆ. ಬೇರೆ ದಡಕ್ಕೆ ಹೋದವಳೂ ಹಾಗೆಯೇ. ಆದ್ದರಿಂದ ಒಂದು ದರವನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ ನೋಡಬೇಕು. ಕ್ರೌಸ್ ತಂಡ ಅದನ್ನು ಮಾಡಿತು. 0.945 ಎಂಬುದು ಅಲ್ಪಸ್ವಲ್ಪ ಬದಲಾಗುತ್ತಿತ್ತು. ಮೊಟ್ಟೆಗಿಂತ ಬೆಳೆಯುವ ಮರಿಯ ಉಳಿವು ಹೆಚ್ಚು ಮುಖ್ಯ ಎಂಬ ತೀರ್ಮಾನ ಮಾತ್ರ ಗಟ್ಟಿಯಾಗಿ ನಿಂತಿತು.

ನಮ್ಮ ಕಡಲಿಗೆ

ಉತ್ತರ ಕನ್ನಡ ಮತ್ತು ಉಡುಪಿಯ ದಡಗಳಿಗೆ ಮೊಟ್ಟೆಯಿಡಲು ಬರುವುದು ಆಲಿವ್ ರಿಡ್ಲಿ ಆಮೆಗಳು. ಗೂಡಿಗೆ ಬಲೆಬೇಲಿ ಕಟ್ಟಿ, ಮರಿ ಹೊರಬಂದ ಮುಂಜಾನೆ ಊರಿನವರು ಸೇರಿ ನೀರಿಗೆ ಬಿಡುವುದನ್ನು ಅಲ್ಲಿ ನೋಡಬಹುದು. ಲಾಗರ್‌ಹೆಡ್‌ನ 0.945ನ್ನು ಈ ಆಮೆಗೆ ಅಂಟಿಸುವಂತಿಲ್ಲ. ಇದು ಬೇಗ ಪ್ರಾಯಕ್ಕೆ ಬರುತ್ತದೆ, ಇದರ ಹಂತಗಳೇ ಬೇರೆ. ಇದರ ಕೋಷ್ಟಕವನ್ನು ಇದರದೇ ದರಗಳಿಂದ ಕಟ್ಟಬೇಕು. ಸಿಗಡಿ ಬಲೆ ಮತ್ತು ಆಮೆಯ ವ್ಯಾಜ್ಯ ನಮಗೂ ಹೊಸದಲ್ಲ: ಟೆಡ್ ಇಲ್ಲದ ಬಲೆಯ ಸಿಗಡಿಗೆ ಅಮೆರಿಕ ಬಾಗಿಲು ಮುಚ್ಚಿದಾಗ ಭಾರತವೂ ಸೇರಿ ನಾಲ್ಕು ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲೇರಿದವು, 1998ರಲ್ಲಿ ಅದರ ತೀರ್ಪು ಬಂತು.

ಬೇಲಿ ಬೇಡವೆಂದು ಈ ಲೆಕ್ಕ ಹೇಳುವುದಿಲ್ಲ. ಮೊಟ್ಟೆಯೇ ಇಲ್ಲದಿದ್ದರೆ ಕೋಷ್ಟಕದ ಮೊದಲ ಸಾಲೇ ಸೊನ್ನೆ. ದಡದಲ್ಲಿ ಬಿಟ್ಟ ಮರಿಗಳ ಸಂಖ್ಯೆಯನ್ನು ನಾವು ಪ್ರತಿ ವರ್ಷ ಬರೆದಿಡುತ್ತೇವೆ. ಬಲೆಯಲ್ಲಿ ಬಂದ, ಅಲೆಗೆ ತೇಲಿ ದಡ ಸೇರಿದ ಸತ್ತ ಆಮೆಗಳ ಚಿಪ್ಪಿನ ಉದ್ದವನ್ನೂ ಅಷ್ಟೇ ಶ್ರದ್ಧೆಯಿಂದ ಅಳೆದು ಬರೆದಿಡಬೇಕು. ಯಾವ ಹಂತದ ಆಮೆ ಹೆಚ್ಚು ಸಾಯುತ್ತಿದೆ ಎಂಬುದರ ಮೊದಲ ಸುಳಿವು ಆ ಅಳತೆಯಲ್ಲಿದೆ.